ಅಪ್‌ಡೇಟ್: ಗಂಟೆ ಲೆಕ್ಕದ ಕೂಲಿಯಿಂದ ವರ್ಷದ ಸಂಬಳ

ನನ್ನ ಪ್ರಶ್ನೆ: "ಬಾಗಲಕೋಟೆಯ ಸೀರೆ ಅಂಗಡಿಯಲ್ಲಿ ಗಂಟೆಗೆ 90 ರೂಪಾಯಿಯಂತೆ ಅರೆಕಾಲಿಕ ಕೆಲಸ. ಒಂದು ವಾರ 8 ಗಂಟೆ, ಇನ್ನೊಂದು ವಾರ 30. ಸಾಲದ ಅರ್ಜಿಯಲ್ಲಿ ವಾರ್ಷಿಕ ಸಂಬಳ ಎಷ್ಟೆಂದು ಬರೆಯಲಿ?"

ಉತ್ತರಿಸಿದವರ ಸಲಹೆಯಂತೆ ಹಾಜರಿ ಪುಸ್ತಕದಿಂದ ಕಳೆದ 26 ವಾರಗಳ ಗಂಟೆಗಳನ್ನು ಕೂಡಿಸಿದಾಗ 468 ಬಂದಿತು. ನಾನು ಮೊದಲು, ಕೆಲಸವೇ ಇರದ ನಾಲ್ಕು ವಾರಗಳನ್ನು ಬಿಟ್ಟು 22ರಿಂದ ಭಾಗಿಸಿದ್ದೆನಾದ್ದರಿಂದ, ವಾರದ ಸರಾಸರಿ 21 ಗಂಟೆ ದಾಟಿ ವರ್ಷದ ಮೊತ್ತ 99,556 ರೂಪಾಯಿಗೆ ಏರಿತ್ತು. ಖಾಲಿ ವಾರಗಳೂ ವರ್ಷದೊಳಗಿನವೇ ಆದ್ದರಿಂದ 26ರಿಂದಲೇ ಭಾಗಿಸಬೇಕು; ಆಗ ವಾರಕ್ಕೆ 18 ಗಂಟೆ, ವರ್ಷಕ್ಕೆ 18 × 52 × 90 = 84,240 ರೂಪಾಯಿ.

ಆದರೂ ಅನುಮಾನ ಉಳಿದಿತ್ತು, ಏಕೆಂದರೆ ಆ ಅರ್ಧ ವರ್ಷದಲ್ಲೇ ದಸರೆ, ದೀಪಾವಳಿಗಳಿದ್ದು, ರಾತ್ರಿ ಒಂಬತ್ತರವರೆಗೂ ಇಳಕಲ್ ಸೀರೆ ಮಡಚಿದ್ದು ಆಗಲೇ. ಮಾಲೀಕರಿಂದ ಹಳೆಯ ಪುಸ್ತಕ ಕೇಳಿ ಪಡೆದು ನೋಡಿದರೆ, ಉಳಿದ 26 ವಾರಗಳಲ್ಲಿ ಕೇವಲ 364 ಗಂಟೆಗಳಿದ್ದವು. ಇಡೀ ವರ್ಷದ 832 ಗಂಟೆಗಳನ್ನು 90ರಿಂದ ಗುಣಿಸಿದಾಗ ಬಂದ 74,880 ರೂಪಾಯಿಯನ್ನೇ, "ಅಂದಾಜು, ವಾರಕ್ಕೆ ಸರಾಸರಿ 16 ಗಂಟೆ" ಎಂಬ ಟಿಪ್ಪಣಿಯೊಂದಿಗೆ ಅರ್ಜಿಯಲ್ಲಿ ಬರೆದು, ಎರಡೂ ಪುಸ್ತಕಗಳ ನಕಲು ಲಗತ್ತಿಸಿದ್ದೇನೆ.