ಮಕ್ಕಳ ಕನ್ನಡ ಲೈವ್ ಕ್ಲಾಸಿಗೆ ಎಷ್ಟು ಫೀಸ್ ಇಡಲಿ?

ಎಡಿಸನ್ ಅಮ್ಮ, ನ್ಯೂಜೆರ್ಸಿ
ಎಲ್ಲರಿಗೂ ನಮಸ್ಕಾರ. ಯೂಟ್ಯೂಬಲ್ಲಿ ಮಕ್ಕಳಿಗೆ ಕನ್ನಡ ಕಥೆ ಓದ್ತೀನಿ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ನೋಡೋ ಅಮ್ಮಂದಿರು "ಓದೋಕೆ ಬರೆಯೋಕೂ ಕಲಿಸಿ" ಅಂತ ಕೇಳ್ತಾನೇ ಇದ್ರು. ಹೋದ ತಿಂಗಳು ಧೈರ್ಯ ಮಾಡಿ ತಲಾ 5 ಡಾಲರ್‌ಗೆ ಒಂದು ಗಂಟೆಯ ವರ್ಕ್‌ಶಾಪ್ ಇಟ್ಟೆ. 22 ಮಕ್ಕಳು ಬಂದ್ರು. ಒಬ್ಬ ಹುಡುಗ "ಅಕ್ಕ" ಅನ್ನೋದನ್ನ ಮೂರು ಸಲ "ಅಕ" ಅಂತಲೇ ಓದಿದ. ಅವನಿಗೆ ಒತ್ತು ತೋರಿಸಿ ತಲೆ ಎತ್ತೋ ಹೊತ್ತಿಗೆ ಅರ್ಧ ಮಕ್ಕಳ ಕ್ಯಾಮೆರಾ ಆಫ್ ಆಗಿತ್ತು. ಕೆಲವರ ಸರದಿ ಕೊನೆಗೂ ಬರಲೇ ಇಲ್ಲ.

ಆಮೇಲೆ ರೆಕಾರ್ಡಿಂಗ್ ಲಿಂಕ್ ಕಳಿಸಿದೆ. ಯಾರೋ ಅದನ್ನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿಗೆ ಹಾಕಿದ್ರು. ಇನ್ನೊಬ್ಬ ತಾಯಿ ಫೋನ್ ಮಾಡಿ "ನನ್ನ ಮಗಳ ಮುಖ ಅದರಲ್ಲಿದೆಯಲ್ಲ" ಅಂತ ಬೇಸರ ಮಾಡ್ಕೊಂಡ್ರು. ಅವರು ಹೇಳಿದ್ದು ಸರಿ, ಆ ರಾತ್ರಿ ನಂಗೆ ನಿದ್ದೆ ಬರಲಿಲ್ಲ. ಸೆಪ್ಟೆಂಬರಿಂದ ಹತ್ತು ವಾರದ ಕ್ಲಾಸ್ ಮಾಡ್ಬೇಕು ಅಂತಿದೀನಿ. ಎಷ್ಟು ಮಕ್ಕಳು, ಎಷ್ಟು ಫೀಸ್, ರೆಕಾರ್ಡಿಂಗ್ ಹೇಗೆ? ಮಾಡಿದವರು ದಯವಿಟ್ಟು ಹೇಳಿ.

ಇಬ್ಬರು ಮಕ್ಕಳ ತಾಯಿ, ಡಲ್ಲಾಸ್
ನಾನು ಮೂರು ವರ್ಷದಿಂದ ಆನ್‌ಲೈನಲ್ಲಿ ಚಿತ್ರಕಲೆ ಹೇಳಿಕೊಡ್ತಿದೀನಿ ಅಕ್ಕ. ಮೊದಲು ಮಕ್ಕಳ ಸಂಖ್ಯೆ ನಿರ್ಧಾರ ಮಾಡಿ, ಫೀಸ್ ಆಮೇಲೆ. ಓದೋ ಕ್ಲಾಸಲ್ಲಿ ಪ್ರತಿ ಮಗುವೂ ಬಾಯಿಬಿಟ್ಟು ಓದ್ಲೇಬೇಕು. ಮಗುವಿಗೆ 3 ನಿಮಿಷ ಅಂದ್ರೆ 8 ಮಕ್ಕಳಿಗೆ 24 ನಿಮಿಷ. 45 ನಿಮಿಷದ ಕ್ಲಾಸಲ್ಲಿ ಉಳಿಯೋ 21 ನಿಮಿಷದಲ್ಲಿ ಹೊಸ ಅಕ್ಷರ, ಒಂದು ಪುಟ್ಟ ಕಥೆ ಎರಡೂ ಆಗುತ್ತೆ. 22 ಮಕ್ಕಳಿಗೆ ಎರಡೆರಡು ನಿಮಿಷ ಕೊಟ್ರೂ 44 ನಿಮಿಷ ಅಲ್ಲೇ ಹೋಯ್ತು. ನಿಮಗೆ ಆಗಿದ್ದು ಅದೇ.

ಈಗ ಫೀಸ್. ಕ್ಲಾಸ್ ಮುಕ್ಕಾಲು ಗಂಟೆ, ತಯಾರಿ ಒಂದೂವರೆ, ಮಕ್ಕಳು ಫೋಟೋ ತೆಗೆದು ಕಳಿಸೋ ಬರವಣಿಗೆ ತಿದ್ದೋಕೆ ಮುಕ್ಕಾಲು. ವಾರಕ್ಕೆ 3 ಗಂಟೆ, ಹತ್ತು ವಾರಕ್ಕೆ 30. ಗಂಟೆಗೆ 25 ಡಾಲರ್ ಅಂದ್ರೂ 750. ಮೀಟಿಂಗ್ ಚಂದಾ ಅದು ಇದು ಅಂತ 50 ಸೇರಿಸಿ, 800. ಇದನ್ನ 8ರಿಂದ ಭಾಗಿಸಬೇಡಿ, 6ರಿಂದ ಭಾಗಿಸಿ. ಇಬ್ಬರು ಕೊನೇ ಗಳಿಗೆಯಲ್ಲಿ ಬಿಡ್ತಾರೆ ಅಂತಲೇ ಲೆಕ್ಕ ಇಟ್ಕೊಳ್ಳಿ. ಸುಮಾರು 130 ಬರುತ್ತೆ, ಅಂದ್ರೆ ಕ್ಲಾಸಿಗೆ 13.

ಹತ್ತು ವಾರದ್ದೂ ಮೊದಲೇ ಒಟ್ಟಿಗೆ ತಗೊಳ್ಳಿ. ಸ್ಟ್ರೈಪಲ್ಲಿ ಇಲ್ಲಿನ ಕಾರ್ಡಿಗೆ ಮಾಮೂಲಿ ದರ 2.9 ಶೇಕಡಾ, ಜೊತೆಗೆ ಪ್ರತಿ ಪಾವತಿಗೆ 30 ಸೆಂಟ್. 5 ಡಾಲರಲ್ಲಿ ಸುಮಾರು 45 ಸೆಂಟ್ ಅದಕ್ಕೇ ಹೋಗುತ್ತೆ. 130ರಲ್ಲಿ 4 ಡಾಲರ್ ಚಿಲ್ಲರೆ, ಅಷ್ಟೆ. ಮೊದಲ ಕ್ಲಾಸ್ ಆದ್ಮೇಲೆ ಬೇಡ ಅಂದವರಿಗೆ ಪೂರ್ತಿ ವಾಪಸ್, ಆಮೇಲೆ ಇಲ್ಲ. ಇದನ್ನ ಹಣ ತಗೊಳ್ಳೋ ಮುಂಚೆಯೇ ಬರೆದು ಕಳಿಸಿ.

ಹಿರಿಯ ಸದಸ್ಯರು, ಹ್ಯೂಸ್ಟನ್
ತಾಯಿ ಭಾಷೆಗೆ ಗಂಟೆ ಲೆಕ್ಕದಲ್ಲಿ ದರ ಕಟ್ಟೋದನ್ನ ಓದಿ ಮನಸ್ಸಿಗೆ ನೋವಾಯ್ತಮ್ಮ. ನಾವು ಈ ದೇಶಕ್ಕೆ ಬಂದಾಗ ದೇವಸ್ಥಾನದ ಬೇಸ್‌ಮೆಂಟಲ್ಲಿ ಚಾಪೆ ಹಾಸಿ ಭಾನುವಾರ ಪಾಠ ಮಾಡ್ತಿದ್ವಿ, ಒಂದು ಕಾಸು ಮುಟ್ಟಲಿಲ್ಲ. ಇವತ್ತಿಗೂ ಎಷ್ಟೋ ಕನ್ನಡ ಕೂಟದ ಶಾಲೆಗಳು ಸ್ವಯಂಸೇವಕರಿಂದಲೇ ನಡೀತಿವೆ. ಬೇರೆ ಮಕ್ಕಳಿಗೆ ಕಲಿಸೋ ಓಡಾಟದಲ್ಲಿ ನನ್ನ ಮಗನಿಗೇ ಕಲಿಸೋಕೆ ಆಗಲಿಲ್ಲ, ಅದು ಬೇರೆ ಮಾತು. ನಮ್ಮಮ್ಮ ಕೊನೇ ದಿನಗಳಲ್ಲಿ ಫೋನಲ್ಲಿ "ಊಟ ಆಯ್ತಾ ಕಂದಾ" ಅಂದಾಗ ಅವನು ಫೋನ್ ನನ್ನ ಕೈಗೆ ಕೊಟ್ಟ. ಆ ಸಂಕಟ ಯಾವ ಮಗುವಿನ ಮನೆಗೂ ಬರಬಾರದು. 130 ಡಾಲರ್ ಕೊಡಲಾಗದವರ ಮಗು ಏನು ಮಾಡಬೇಕು?

ಹುಬ್ಬಳ್ಳಿ ಮಂದಿ, ಟೊರೊಂಟೊ
ಸರ, ನಿಮ್ಮ ಬಗ್ಗೆ ಗೌರವ ಐತ್ರಿ. ಆದರ ಭರತನಾಟ್ಯ ಕ್ಲಾಸಿಗೆ ತಿಂಗಳಾ ತಿಂಗಳಾ ಸುಮ್ಮನ ರೊಕ್ಕ ಕೊಡ್ತೀವಿ, ಕನ್ನಡದ ಅಕ್ಕೋರು ಕೇಳಿದ್ರ ಮಾತ್ರ ಸೇವಾ ಅಂತೀವಿ. ನಮ್ಮ ಊರಾಗ ಪುಕ್ಕಟೆ ಕ್ಲಾಸ್ ನಡೀತಿತ್ತು. ಹಿಮ ಬಿದ್ದ ದಿನ ಯಾರೂ ಬರ್ತಿರಲಿಲ್ಲ, ಹೇಳ್ತಾನೂ ಇರಲಿಲ್ಲ. ಆ ಅಕ್ಕೋರು ಒಬ್ರ ಕೂತು ಕೂತು ಬ್ಯಾಸತ್ತು ಬಿಟ್ರು.

ಹಿರಿಯ ಸದಸ್ಯರು, ಹ್ಯೂಸ್ಟನ್
ನೃತ್ಯ ಒಂದು ವಿದ್ಯೆ, ಭಾಷೆ ಉಸಿರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಫ್ರೀಮಾಂಟ್ ನಿವಾಸಿ
ಎಡಿಸನ್ ಅವರೇ, ನೀವು ಎಚ್-4 ವೀಸಾದಲ್ಲಿದ್ರೆ ಇದು ಎಲ್ಲಕ್ಕಿಂತ ಮೊದಲು. ಇಎಡಿ ಕಾರ್ಡ್ ಇಲ್ದೆ ಇಲ್ಲಿ ಕೂತು ಫೀಸ್ ತಗೊಂಡು ಪಾಠ ಮಾಡೋ ಹಾಗಿಲ್ಲ, ಸ್ವಂತ ಉದ್ಯೋಗವೂ ಕೆಲಸವೇ. ದುಡ್ಡು ಬೆಂಗಳೂರಿನ ಖಾತೆಗೆ ಹಾಕಿಸ್ಕೊಂಡ್ರೂ ಕೆಲಸ ಇಲ್ಲೇ ಆಗ್ತಿದೆಯಲ್ಲ. ಕಾರ್ಡ್ ಇದ್ರೆ ಮಾಡಿ. ವರ್ಷದ ನಿವ್ವಳ 400 ಡಾಲರ್ ಮುಟ್ಟಿದ್ರೆ ಸ್ವಂತ ಉದ್ಯೋಗದ ತೆರಿಗೆ ಬರುತ್ತೆ, ಖರ್ಚಿನ ರಸೀದಿ ಎಲ್ಲಾ ಎತ್ತಿಡಿ.

ಮೈಸೂರಿನವರು, ಅಟ್ಲಾಂಟಾ
ಹ್ಯೂಸ್ಟನ್ ಸರ್ ಮಾತು ಓದಿ ಕಣ್ಣು ತುಂಬಿತು. ಮನೆಯಲ್ಲಿ ಕನ್ನಡ ಮಾತಾಡಿ, ಅಷ್ಟೇ ಸಾಕು, ಯಾವ ಕ್ಲಾಸೂ ಬೇಡ. ನನ್ನ ಮಗಳು ಹಾಗೇ ಕಲಿತಳು, ಈಗ ಅಜ್ಜಿ ಜೊತೆ ಗಂಟೆಗಟ್ಟಲೆ ಹರಟೆ ಹೊಡೀತಾಳೆ.

ಇಬ್ಬರು ಮಕ್ಕಳ ತಾಯಿ, ಡಲ್ಲಾಸ್
ಮಾತಾಡೋದು ಬೇರೆ, ಓದೋದು ಬೇರೆ. ಅವರು ಕೇಳಿದ್ದು ಓದೋ ಕ್ಲಾಸಿನ ಬಗ್ಗೆ.

ಸಂಗೀತದ ಟೀಚರ್, ಲಂಡನ್
ರೆಕಾರ್ಡಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ರೆಕಾರ್ಡಿಂಗಲ್ಲಿ ಯಾರು ಮಾತಾಡಿದ್ರೆ ಅವರ ಮುಖ ದೊಡ್ಡದಾಗಿ ಬರುತ್ತೆ. ಮಗು ಕೆಮ್ಮಿದ್ರೂ ಸಾಕು. ಝೂಮಲ್ಲಿ ನಿಮ್ಮನ್ನೇ ಸ್ಪಾಟ್‌ಲೈಟ್ ಮಾಡ್ಕೊಂಡ್ರೆ ಮುಖಗಳ ತೊಂದರೆ ತಪ್ಪುತ್ತೆ, ಆದ್ರೆ ಮಕ್ಕಳ ಧ್ವನಿ, ನೀವು ಕೂಗೋ ಹೆಸರು ಎಲ್ಲಾ ಅದರಲ್ಲಿ ಉಳಿಯುತ್ತೆ. ಅದಕ್ಕೆ ನಾನು ಲೈವ್ ಕ್ಲಾಸನ್ನ ರೆಕಾರ್ಡ್ ಮಾಡೋದನ್ನೇ ಬಿಟ್ಟೆ. ಪಾಠದ ಭಾಗವನ್ನ ಹಿಂದಿನ ದಿನ ಒಬ್ಬಳೇ ಹೇಳಿ ರೆಕಾರ್ಡ್ ಮಾಡ್ತೀನಿ. ನೀವು ಪುಸ್ತಕಗಳ ರಾಶಿ ಮೇಲೆ ಫೋನನ್ನ ಕ್ಯಾಮೆರಾ ಅಂಚಿಂದ ಹೊರಗೆ ಬಂದು ಕೆಳಗೆ ನೋಡೋ ಹಾಗೆ ಇಟ್ಟು, ಕೈ ಅಕ್ಷರ ತಿದ್ದೋದು ಕಾಣೋ ಹಾಗೆ ಹತ್ತು ನಿಮಿಷ ತೆಗೆದ್ರೆ ಸಾಕು. ತಪ್ಪಿಸ್ಕೊಂಡ ಮಗುವಿಗೂ ಅದೇ ಬೇಕಿರೋದು, ಬೇರೆ ಮಕ್ಕಳು ಓದೋದಲ್ಲ.

ಯೂಟ್ಯೂಬಲ್ಲಿ ಅನ್‌ಲಿಸ್ಟೆಡ್ ಅಂತ ಹಾಕಿದ್ರೆ ಲಿಂಕ್ ಸಿಕ್ಕವರೆಲ್ಲಾ ನೋಡಬಹುದು. ನಿಮಗೆ ಆಗಿರೋದು ಅದೇ ಇರ್ಬೇಕು. ಪ್ರೈವೇಟ್ ಹಾಕಿ ತಂದೆತಾಯಿಯ ಗೂಗಲ್ ಇಮೇಲ್ ಸೇರಿಸಿ. ಎಂಟೇ ಮಕ್ಕಳಾದ್ರೆ ಕಷ್ಟ ಇಲ್ಲ.

ಇನ್ನೊಂದು. ಇಲ್ಲಿ ಗಡಿಯಾರ ಹಿಂದಕ್ಕೆ ಹೋಗೋದು ಅಕ್ಟೋಬರ್ ಕೊನೇ ಭಾನುವಾರ, ನಿಮ್ಮಲ್ಲಿ ನವೆಂಬರ್ ಮೊದಲ ಭಾನುವಾರ. ನಡುವಿನ ಶನಿವಾರ ನಿಮ್ಮ ಬೆಳಗ್ಗೆ 10 ನಮಗೆ 3 ಆಗಲ್ಲ, 2 ಆಗುತ್ತೆ. ಹೋದ ವರ್ಷ ನನ್ನ ಅಮೆರಿಕದ ಮಕ್ಕಳು ಮೂವರು ಕ್ಲಾಸಿಗೆ ಒಂದು ಗಂಟೆ ಮೊದಲೇ ಬಂದು ಕಾದಿದ್ರು.

ಹಿರಿಯ ಸದಸ್ಯರು, ಹ್ಯೂಸ್ಟನ್
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಎಡಿಸನ್ ಅಮ್ಮ, ನ್ಯೂಜೆರ್ಸಿ
ಕೊಡ್ತೀನಿ ಸರ್. ಎಂಟರಲ್ಲಿ ಒಂದು ಸೀಟು ಫೀಸ್ ಇಲ್ಲದೆ ಇಡ್ತೀನಿ. ಏಳು ಜನ ಕೊಟ್ರೂ ಡಲ್ಲಾಸ್ ಅಕ್ಕನ ಲೆಕ್ಕ ತುಂಬುತ್ತೆ. ಯಾರಿಗೆ ಬೇಕು ಅನ್ನೋದನ್ನ ನನಗೊಬ್ಬಳಿಗೇ ಹೇಳಲಿ, ಗುಂಪಲ್ಲಿ ಬೇಡ. ಫ್ರೀಮಾಂಟ್ ಅವರೇ, ನಿಮ್ಮ ಮಾತು ಈಗಷ್ಟೇ ಕಣ್ಣಿಗೆ ಬಿತ್ತು. ಎಚ್-4ರಲ್ಲೇ ಇದೀನಿ, ಇಎಡಿ ಇದೆ. ಆದ್ರೆ ಕಾರ್ಡ್ ತೆಗೆದು ನೋಡಿದ್ರೆ ಅಕ್ಟೋಬರ್ 20ಕ್ಕೆ ಮುಗಿಯುತ್ತೆ, ಹತ್ತು ವಾರ ಅಲ್ಲಿಗೆ ತುಂಬಲ್ಲ. ನಾಳೆ ವಕೀಲರನ್ನ ಕೇಳ್ತೀನಿ. ಅಲ್ಲಿಯವರೆಗೆ ಯಾರೂ ಹಣ ಕಳಿಸಬೇಡಿ.