ಸ್ಕ್ಯಾನ್ ರಿಪೋರ್ಟಿನ ‘ಲೀಷನ್’ಗೆ ಕನ್ನಡದಲ್ಲಿ ಏನಂತ ಬರೆಯಲಿ?

ಪ್ರಶ್ನೆ: ಅಪ್ಪನ ಹೊಟ್ಟೆಯ ಅಲ್ಟ್ರಾಸೌಂಡ್ ರಿಪೋರ್ಟನ್ನು ತಮ್ಮ ಫೋಟೋ ತೆಗೆದು ಕಳಿಸಿದ್ದಾನೆ. ಅಮ್ಮನಿಗೆ ಕನ್ನಡದಲ್ಲಿ ಬರೆದುಕೊಡಬೇಕು. ಲಿವರ್ ಕೆಳಗೆ ಎರಡು ಸಾಲು ಇವೆ: ‘ಇನ್‌ಕ್ರೀಸ್ಡ್ ಎಕೋಜೆನಿಸಿಟಿ’, ‘ಫೋಕಲ್ ಲೀಷನ್ ಸೀನ್’. ಲೀಷನ್ ಅಂದ್ರೆ ಗಡ್ಡೆನಾ? ಹೆಸರು ಮುಚ್ಚಿ ಫೋಟೋ ಹಾಕಿದ್ದೇನೆ.

ಒಬ್ಬ ಸದಸ್ಯರು: ಮೊದಲನೇದು ಫ್ಯಾಟಿ ಲಿವರ್. ‘ಲಿವರ್‌ನಲ್ಲಿ ಕೊಬ್ಬು ಸೇರಿದೆ’ ಅಂತ ಬರೆದುಬಿಡಿ. ನನ್ನ ರಿಪೋರ್ಟಲ್ಲೂ ಹೀಗೇ ಇತ್ತು.

ರೇಡಿಯಾಲಜಿಸ್ಟ್: ಕೊಬ್ಬು ಸೇರಿದಾಗ ಹಾಗೆ ಕಾಣುವುದು ನಿಜ. ಆದರೆ ಬೇರೆ ಕಾರಣಕ್ಕೂ ಹಾಗೆ ಕಾಣಬಹುದು. ಈ ಸಾಲು ಹೇಳುವುದು ಇಷ್ಟೇ: ‘ಸ್ಕ್ಯಾನ್ ಪರದೆಯಲ್ಲಿ ಲಿವರ್ ಮಾಮೂಲಿಗಿಂತ ಬೆಳ್ಳಗೆ ಕಾಣುತ್ತಿದೆ.’ ಅಷ್ಟನ್ನೇ ಬರೆಯಿರಿ. ಕೊನೆಯ ‘ಇಂಪ್ರೆಷನ್’ ಭಾಗದಲ್ಲಿ ಫ್ಯಾಟಿ ಅಂತ ಇದ್ದರೆ, ಅದನ್ನು ಅಲ್ಲಿ ಇರುವ ಹಾಗೆ ಸೇರಿಸಿ.

ಎರಡನೇ ಸಾಲನ್ನು ಸದ್ಯಕ್ಕೆ ಬರೆಯಬೇಡಿ. ಫೋಟೋದ ಎಡ ಅಂಚು ನೋಡಿ. ಮೇಲಿನ ಸಾಲಿನ ‘ಲಿವರ್’ ಪದದಲ್ಲೂ ಮೊದಲ ಅಕ್ಷರ ಅರ್ಧ ಕತ್ತರಿಸಿದೆ. ಎರಡನೇ ಸಾಲಿನ ಮೊದಲಲ್ಲಿ ‘ನೋ’ ಇದ್ದು ಅದೂ ಹೋಗಿರಬಹುದು. ನಿಜಕ್ಕೂ ಏನಾದರೂ ಕಂಡಿದ್ದರೆ ಎಲ್ಲಿ, ಎಷ್ಟು ದೊಡ್ಡದು ಅಂತ ನಾವು ಸಾಮಾನ್ಯವಾಗಿ ಬರೆಯುತ್ತೇವೆ. ಇಲ್ಲಿ ಅಳತೆಯೇ ಇಲ್ಲ. ಹಾಗಂತ ‘ನೋ’ವನ್ನು ನೀವೇ ಊಹಿಸಿ ಸೇರಿಸಬೇಡಿ. ಕಾಗದವನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ನಾಲ್ಕೂ ಅಂಚು ಬರುವಂತೆ ಇನ್ನೊಂದು ಫೋಟೋ ತೆಗೆಸಿ.

ಲೀಷನ್ ಅಂದರೆ ಗಡ್ಡೆ ಅಂತ ಅಲ್ಲ. ಸುತ್ತಲಿನ ಭಾಗಕ್ಕಿಂತ ಬೇರೆಯಾಗಿ ಕಾಣುವ ಒಂದು ಜಾಗ, ಅಷ್ಟೇ. ನೀರು ತುಂಬಿದ ಸಣ್ಣ ಗುಳ್ಳೆಗೂ ಅದೇ ಪದ ಬಳಸುತ್ತೇವೆ.

ಇನ್ನೊಬ್ಬರು: ನನ್ನ ಮಂಡಿ ಎಂಆರ್‌ಐನಲ್ಲಿ ‘ಅನ್‌ರಿಮಾರ್ಕಬಲ್’ ಅಂತ ಇತ್ತು. ಏನೋ ಕೆಟ್ಟದ್ದು ಅಂದುಕೊಂಡು ಎರಡು ರಾತ್ರಿ ನಿದ್ದೆ ಮಾಡಲಿಲ್ಲ!

ರೇಡಿಯಾಲಜಿಸ್ಟ್: ಪಾಪ. ‘ಹೇಳುವಂಥ ಬದಲಾವಣೆ ಏನೂ ಕಾಣಲಿಲ್ಲ’ ಅಂತ ಅದರ ಅರ್ಥ.

ಅನುವಾದಕಿ: ‘ಬೇರೆಯಾಗಿ ಕಾಣುವ ಜಾಗ’ ಅಂದರೆ ನಮ್ಮ ಹಿರಿಯರಿಗೆ ಅರ್ಥವಾಗಲ್ಲ ಸರ್. ನಾನು ‘ಮಚ್ಚೆ’ ಅಂತ ಬರೆಯುತ್ತೇನೆ.

ರೇಡಿಯಾಲಜಿಸ್ಟ್: ಮಚ್ಚೆ ಅಂದರೆ ಚರ್ಮದ ಮೇಲಿನದು ಅನ್ನಿಸಲ್ವಾ? ನನಗೂ ಇದಕ್ಕಿಂತ ಒಳ್ಳೆ ಪದ ಸಿಕ್ಕಿಲ್ಲ.

ಕೇಳಿದವರು: ಹೊಸ ಫೋಟೋ ಬಂತು. ‘ನೋ ಫೋಕಲ್ ಲೀಷನ್ ಸೀನ್’ ಅಂತಲೇ ಇದೆ! ‘ಲಿವರ್‌ನಲ್ಲಿ ಏನೂ ತೊಂದರೆ ಇಲ್ಲ’ ಅಂತ ಅಮ್ಮನಿಗೆ ಹೇಳಲಾ?

ರೇಡಿಯಾಲಜಿಸ್ಟ್: ಬೇಡಮ್ಮ. ರಿಪೋರ್ಟ್ ಅಷ್ಟು ದೂರ ಹೋಗಿಲ್ಲ. ‘ಇಲ್ಲ’ ಬೇರೆ, ‘ಕಂಡಿಲ್ಲ’ ಬೇರೆ. ಗ್ಯಾಸ್ ಅಡ್ಡ ಬಂದರೆ ಅಲ್ಟ್ರಾಸೌಂಡಿಗೆ ಕೆಲವು ಭಾಗ ಸರಿಯಾಗಿ ಕಾಣುವುದೇ ಇಲ್ಲ. ಹೀಗೆ ಬರೆಯಿರಿ: ‘ಲಿವರ್ ಮಾಮೂಲಿಗಿಂತ ಬೆಳ್ಳಗೆ ಕಾಣುತ್ತಿದೆ. ಅದರಲ್ಲಿ ಬೇರೆಯಾಗಿ ಎದ್ದು ಕಾಣುವ ಜಾಗ ಯಾವುದೂ ಕಂಡಿಲ್ಲ.’ ಬೆಳ್ಳಗೆ ಯಾಕೆ ಅಂತ ಅಮ್ಮ ಕೇಳಿಯೇ ಕೇಳುತ್ತಾರೆ. ಅದನ್ನು ಚೀಟಿಯ ಕೆಳಗೆ ಪ್ರಶ್ನೆಯಾಗಿಯೇ ಬರೆದು, ಸ್ಕ್ಯಾನ್ ಬರೆದುಕೊಟ್ಟ ಡಾಕ್ಟರ ಹತ್ತಿರ ಒಯ್ಯಲಿ.