ಪ್ರಶ್ನೋತ್ತರ: ಶಿಫ್ಟ್ ಬದಲಾದಾಗ ವಿಎಂಸಿ ಜಾಬ್ ನಿಂತಲ್ಲಿಂದ ಮುಂದುವರಿಸೋದು

ಪ್ರಶ್ನೆ (ಪೀಣ್ಯ, ಶಾಪ್ ಸೂಪರ್‌ವೈಸರ್): ಮೋಲ್ಡ್ ಕೋರ್ ಒಂದೇ ಶಿಫ್ಟ್‌ನಲ್ಲಿ ಮುಗಿಯಲ್ಲ. ರಾತ್ರಿಯವರು ಬಂದು ಪ್ರೋಗ್ರಾಂ ಮೊದಲಿಂದ ಓಡಿಸ್ತಾರೆ, ಗಂಟೆಗಟ್ಟಲೆ ಟೂಲ್ ಬರೀ ಗಾಳಿಯಲ್ಲಿ ಸುತ್ತುತ್ತೆ. ಫ್ಯಾನುಕ್ ಕಂಟ್ರೋಲ್. ಏನು ಮಾಡಲಿ?

ಆಪರೇಟರ್: ಸುಲಭ ಅಣ್ಣ. ನಿಂತ ಬ್ಲಾಕ್ ನಂಬರ್ ಬರೆದಿಡಿ. ಮುಂದಿನವರು ಸರ್ಚ್ ಮಾಡಿ ಸ್ಟಾರ್ಟ್ ಒತ್ತಲಿ.

ಪ್ರೋಗ್ರಾಮರ್: ನಂಬರ್ ಬರೆದಿಡೋದು ಸರಿ, ಆದರೆ ಅಷ್ಟೇ ಸಾಲದು. ಬರೀ ಸರ್ಚ್ ಮಾಡಿದರೆ ಹಿಂದಿನ ಸಾಲುಗಳನ್ನು ಮಷೀನ್ ಓದೋದಿಲ್ಲ. G43 ಜಾರಿಯಲ್ಲಿ ಇರದಿದ್ದರೆ ಟೂಲ್ ನೇರ ಜಾಬ್‌ಗೆ ಗುದ್ದುತ್ತೆ.

ನಾನು ಕೆಲಸವನ್ನು ಹಂತಗಳಾಗಿ ಒಡೆದು, ಯಾವ ಹಂತ ಮುಗಿದಿದೆ ಅಂತ #500ರಲ್ಲಿ ಬರೆಸ್ತೇನೆ. ಪವರ್ ಆಫ್ ಆದರೂ ಅದು ಅಳಿಯಲ್ಲ. #100 ಬಳಸಬೇಡಿ, ಅದು ಸಾಮಾನ್ಯವಾಗಿ ಅಳಿಸಿ ಹೋಗುತ್ತೆ.

```
O1000
IF[#500EQ1]GOTO20
IF[#500EQ2]GOTO30
M98P2001
G00G90G53Z0
#500=1
M01
N20M98P2002
G00G90G53Z0
#500=2
M01
N30M98P2003
G00G90G53Z0
#500=0
M30
```

2001 ರಫಿಂಗ್, 2002 ಸೆಮಿ, 2003 ಫಿನಿಶಿಂಗ್. ಪ್ರತಿಯೊಂದೂ ತನ್ನ ಟೂಲ್, G54, G43, ಸ್ಪೀಡ್ ಎಲ್ಲವನ್ನೂ ಹೊಸದಾಗಿ ಕರೆಯಬೇಕು. G53 ಸಾಲು ಸುಮ್ನೆ ಇಟ್ಟಿದ್ದಲ್ಲ. ಕಂಟ್ರೋಲ್ ಮುಂದಿನ ಸಾಲುಗಳನ್ನು ಮೊದಲೇ ಓದಿಕೊಳ್ಳುತ್ತೆ. ಆ ಸಾಲು ಇಲ್ಲದಿದ್ದರೆ ಕಟಿಂಗ್ ಮುಗಿಯೋ ಮೊದಲೇ #500 ಬದಲಾಗಬಹುದು.

ಹಂತದ ನಡುವೆ ಕರೆಂಟ್ ಹೋದರೆ ಆ ಹಂತ ಮತ್ತೆ ಮೊದಲಿಂದ ಓಡುತ್ತೆ. ಅದಕ್ಕೇ ಉದ್ದದ ರಫಿಂಗನ್ನು ಆಳದ ಪ್ರಕಾರ ಎರಡು ಮೂರು ತುಂಡು ಮಾಡಿ. ಮ್ಯಾಕ್ರೊ ಆಪ್ಷನ್ ಇಲ್ಲದ ಹಳೆ ಮಷೀನ್‌ನಲ್ಲಿ ಈ IF ಓಡಲ್ಲ. ಅಲ್ಲಿ ಹಂತಕ್ಕೊಂದು ಪ್ರೋಗ್ರಾಂ ಮಾಡಿ, ನಂಬರ್ ಕಾರ್ಡಿನಲ್ಲಿ ಬರೆಯಿರಿ.

ಲೇತ್‌ನವರು: ನಮ್ಮಲ್ಲೂ ರಾತ್ರಿಯವರು ಲೇಟಾಗಿ ಬರ್ತಾರೆ ಸರ್. ಅರ್ಧ ಗಂಟೆ ದಂಡ ಹಾಕಿ, ಸರಿಹೋಗ್ತಾರೆ.

ಸೂಪರ್‌ವೈಸರ್: ಇದು ಲೇಟಿನ ವಿಷಯ ಅಲ್ಲ ಸರ್ 🙂 ನಡುವೆ ಜಾಬ್ ಬದಲಾದರೆ ಹಳೆ #500 ಹಾಗೇ ಉಳಿಯಲ್ವಾ?

ಪ್ರೋಗ್ರಾಮರ್: ಉಳಿಯುತ್ತೆ, ದೊಡ್ಡ ಅಪಾಯ ಅದೇ. ಅದರಲ್ಲಿ 2 ಇದ್ದರೆ ಫಿನಿಶಿಂಗ್ ಬಾಲ್ ಕಟ್ಟರ್ ಕಚ್ಚಾ ಬ್ಲಾಕಿಗೆ ಇಳಿಯುತ್ತೆ. ಹೊಸ ಜಾಬ್ ಕಟ್ಟಿದ ತಕ್ಷಣ ಸೆಟ್ಟಿಂಗ್ ಮಾಡೋರೇ 0 ಹಾಕಲಿ. ಅರ್ಧಕ್ಕೆ ಬಿಟ್ಟ ಜಾಬ್ ಬಿಚ್ಚಿದರೆ ಅದರ #500 ನಂಬರನ್ನೂ G54 ಬೆಲೆಗಳನ್ನೂ ಕಾರ್ಡಿಗೆ ಬರೆದು ಜಾಬಿಗೇ ಕಟ್ಟಿ. ಜಾಬ್ ಬಿಚ್ಚಿಲ್ಲ ಅಂದರೆ ಮುಂದಿನವರು ಜೀರೊ ಮತ್ತೆ ಹಿಡಿಯೋದು ಬೇಡ. ಡಯಲ್ ಹಾಕಿ ಒಂದು ಮುಖ ನೋಡಿದರೆ ಸಾಕು.

ಆಪರೇಟರ್: ನಮ್ಮಲ್ಲಿ ಹೀಗೇ ಮಾಡಿದ್ವಿ, ಆದರೂ ಫಿನಿಶಿಂಗ್ ನಡುವೆ ಗೆರೆ ಬಂತು. ಜೀರೊ ಯಾರೂ ಮುಟ್ಟಿರಲಿಲ್ಲ.

ಪ್ರೋಗ್ರಾಮರ್: ಮಷೀನ್ ನಿಂತು ಸ್ಪಿಂಡಲ್ ತಣ್ಣಗಾಗಿರಬೇಕು. ಬಿಸಿಯಿದ್ದಾಗಿನ ಉದ್ದಕ್ಕೂ ತಣ್ಣಗಾದಾಗಿನ ಉದ್ದಕ್ಕೂ ಕೆಲವು ಮೈಕ್ರಾನ್ ವ್ಯತ್ಯಾಸ ಇರುತ್ತೆ. 15–20 ನಿಮಿಷ ಸುಮ್ನೆ ಓಡಿಸಿ ಶುರು ಮಾಡಿ ನೋಡಿ. ಪಾಲಿಶ್ ಮೇಲ್ಮೈ ಆದರೆ ಅಷ್ಟರಲ್ಲಿ ಗೆರೆ ಪೂರ್ತಿ ಹೋಗುತ್ತೆ ಅಂತ ಹೇಳಲಾರೆ. ನಾನಂತೂ ಫಿನಿಶಿಂಗ್ ಹಂತವನ್ನು ಶಿಫ್ಟ್ ಬದಲಾಗೋ ಹೊತ್ತಿಗೆ ಸಿಕ್ಕಿಸಲ್ಲ.